ಕ್ಲಿಕ್ ಬರಲಿಲ್ಲ, ಹೆಸರು ಉಳೀತಾ?

ಸೀಡರ್ ಪಾರ್ಕಿನ ನಮ್ಮ ಭಾನುವಾರದ ಕನ್ನಡ ತರಗತಿಗೆ ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕಿದ್ವಿ. ರೀಚ್ ಸಾವಿರ ದಾಟಿತು, ಕ್ಲಿಕ್ ಬಂದದ್ದು 9. 'ದುಡ್ಡು ದಂಡ' ಅಂದರು ಗೆಳೆಯರು. ನೋಡಿ, ರೀಚ್ ಅಂದ್ರೆ ಕಣ್ಣಿಗೆ ಬಿದ್ದದ್ದು ಅಷ್ಟೇ. ಮನಸ್ಸಲ್ಲಿ ಉಳಿದದ್ದು ಕೇಳಿದರೇ ಗೊತ್ತಾಗೋದು.

ಯುಗಾದಿ ಊಟಕ್ಕೆ ಬಂದ 20 ಮನೆಯವರನ್ನ ಕೇಳಿದೆ. ಮೊದಲು ಯಾವ ಸುಳಿವೂ ಕೊಡದೆ: 'ಇಲ್ಲಿ ಯಾವ ಕನ್ನಡ ತರಗತಿ ಗೊತ್ತು?' 4 ಮನೆಯವರು ನಮ್ಮ ಹೆಸರು ಹೇಳಿದರು. ಆಮೇಲೆ ಪಟ್ಟಿ ತೋರಿಸಿದೆ. 13 ಮನೆಯವರು 'ಹೂಂ, ಕೇಳಿದ್ದೀವಿ' ಅಂದರು. ಆದರೆ ಪಟ್ಟಿಯಲ್ಲಿ ನಾನೇ ಹುಟ್ಟಿಸಿದ ಒಂದು ಸುಳ್ಳು ಹೆಸರೂ ಇತ್ತು. ಅದಕ್ಕೂ 5 'ಹೂಂ'! ದಾಕ್ಷಿಣ್ಯ, ಇನ್ನೇನು. ಹಾಗಾಗಿ ನಾನು ನಂಬಿದ್ದು ಆ 4ನ್ನೇ.

ಅದೂ ಜಾಹೀರಾತಿನಿಂದಲೇ ಬಂತು ಅನ್ನೋ ಹಾಗಿಲ್ಲ, ಮುಂಚೆ ಕೇಳಿರಲಿಲ್ಲವಲ್ಲ. ನೀವು ಮೊದಲೇ ಒಮ್ಮೆ ಕೇಳಿಟ್ಕೊಳ್ಳಿ. ಜೊತೆಗೆ ಗೂಗಲ್‌ನಲ್ಲಿ ನಿಮ್ಮ ಹೆಸರನ್ನೇ ಟೈಪ್ ಮಾಡಿ ಹುಡುಕುವವರು ವಾರಕ್ಕೆ ಎಷ್ಟು ಅಂತಲೂ ಬರೆದಿಡಿ.