ಹುಳಿ ಬಂತು, ಹಿಟ್ಟು ಉಬ್ಬಲಿಲ್ಲ

ದೆಹಲಿಯಲ್ಲಿ ನೆಲಸಿರುವ ನಾವು ಕನ್ನಡಿಗರು ಜನವರಿ ತಿಂಗಳಲ್ಲಿ ಒಬ್ಬರನ್ನೊಬ್ಬರು ಕಂಡಾಗ ಮೊದಲು ಯೋಗಕ್ಷೇಮ ವಿಚಾರಿಸುತ್ತೇವೆ, ಅದಾದ ಕೂಡಲೇ ಹೆಂಗಸರು ಕೇಳುವ ಪ್ರಶ್ನೆ, "ನಿಮ್ಮ ಮನೆಯಲ್ಲಿ ಹಿಟ್ಟು ಹುದುಗು ಬರುತ್ತದೆಯೇ?" ಎಂದು. ಬರುತ್ತದೆ ಎಂದವರ ಮನೆಗೆ ಭಾನುವಾರ ಬೆಳಿಗ್ಗೆ ಅತಿಥಿಗಳು ಹೆಚ್ಚು.

ನಮ್ಮ ತಾಯಿಯವರು ಊರು ಬಿಟ್ಟು ನಮ್ಮೊಡನೆ ಇರಲು ಬಂದದ್ದು ಡಿಸೆಂಬರಿನಲ್ಲಿ. ಐವತ್ತು ವರ್ಷ ಇಡ್ಲಿ ಮಾಡಿದ ಕೈ ಅವರದು. ಅಲ್ಲಿ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾಗುವುದರೊಳಗೆ ಮುಚ್ಚಳವನ್ನು ಮೇಲೆತ್ತುತ್ತಿತ್ತು. ಇಲ್ಲಿ ಮೂರು ಭಾನುವಾರ ರುಬ್ಬಿದರು. ಮೂರು ಸಲವೂ ಹಿಟ್ಟು ಹಾಕಿದಷ್ಟೇ ಇತ್ತು, ಇಡ್ಲಿ ಬಿಲ್ಲೆಗಲ್ಲಿನಂತಾಯಿತು. "ನನ್ನ ಕೈಗುಣ ಹೋಯಿತು ಕಣೋ, ಇನ್ನು ನೀವೇ ಮಾಡಿಕೊಳ್ಳಿ" ಎಂದು ಅವರು ಅಡಿಗೆಮನೆಯಿಂದ ಹೊರಗೆ ಬಂದು ಕುಳಿತದ್ದನ್ನು ನೋಡಿ ನಮಗೆ ಸಂಕಟವಾಯಿತು. ಸೊಸೆ ಎಷ್ಟು ಸಮಾಧಾನ ಹೇಳಿದರೂ ಅವರು ಒಪ್ಪಲಿಲ್ಲ. ಇದು ಕೈಯ ದೋಷವೋ ಊರಿನ ದೋಷವೋ ಎಂಬುದನ್ನು ಇತ್ಯರ್ಥ ಮಾಡಲೇಬೇಕಾಯಿತು. ಬಿ.ಎ.ಯಲ್ಲಿ ನಾವು ಓದಿದ್ದು ಚರಿತ್ರೆ. ಆದ್ದರಿಂದ ರಸಾಯನಶಾಸ್ತ್ರದ ಉಪಾಧ್ಯಾಯರಾದ ಮಿತ್ರರೊಬ್ಬರ ಮನೆ ಬಾಗಿಲು ತಟ್ಟಿದೆವು.

ಕೈಗುಣದ ಮಾತು ಮೊದಲು ತೀರಿತು. ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳು ಉದ್ದಿನಬೇಳೆ, ಅಕ್ಕಿಗಳ ಜೊತೆಯಲ್ಲಿಯೇ ಬಂದಿರುತ್ತವೆ, ಅದರಲ್ಲಿಯೂ ಉದ್ದಿನಲ್ಲಿ. ನೆನೆದ ಹೊತ್ತಿನಲ್ಲಿ ಎಚ್ಚೆತ್ತು, ರುಬ್ಬಿದ ಮೇಲೆ ಬೆಳೆಯುತ್ತವೆ. ಇಡ್ಲಿ ಉಬ್ಬುವುದು ರೊಟ್ಟಿಯ ಹಿಟ್ಟಿನಂತೆ ಯೀಸ್ಟಿನಿಂದ ಎಂದು ಅನೇಕರು ತಿಳಿದಿದ್ದರು. 1965ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಮುಖರ್ಜಿ, ಸ್ಟೈನ್‌ಕ್ರಾಸ್ ಮೊದಲಾದವರು ಪರೀಕ್ಷಿಸಿ, ಈ ಕೆಲಸದಲ್ಲಿ ಮುಖ್ಯವಾದದ್ದು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯ ಎಂದು ತೋರಿಸಿದರು. ಹೆಸರು ನಾಲಗೆಗೆ ಕಷ್ಟ. ಕೆಲಸ ಬಲು ಅಚ್ಚುಕಟ್ಟು.

ಆ ಕೆಲಸವನ್ನು ಮಿತ್ರರು ನಮ್ಮಂಥ ಗುಮಾಸ್ತರಿಗೆ ತಿಳಿಯುವ ಹಾಗೆ ಜಮಾಖರ್ಚಿನ ಲೆಕ್ಕದಲ್ಲಿ ಹೇಳಿದರು. ಗ್ಲೂಕೋಸ್ ಸಕ್ಕರೆಯ ಒಂದು ಅಣುವಿನಲ್ಲಿ ಇಂಗಾಲದ ಪರಮಾಣುಗಳು ಆರು. ಈ ಬ್ಯಾಕ್ಟೀರಿಯ ಅದನ್ನು ಒಡೆದಾಗ ಮೂರು ಲ್ಯಾಕ್ಟಿಕ್ ಆಮ್ಲಕ್ಕೆ ಹೋಗುತ್ತವೆ, ಎರಡು ಆಲ್ಕೊಹಾಲಿಗೆ, ಉಳಿದ ಒಂದು ಇಂಗಾಲದ ಡೈಆಕ್ಸೈಡ್ ಅನಿಲಕ್ಕೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. (ಆಲ್ಕೊಹಾಲು ಅತ್ಯಲ್ಪ, ಅದೂ ಹಬೆಯಲ್ಲಿ ಬಹುಪಾಲು ಹಾರಿಹೋಗುತ್ತದೆ, ವ್ರತಸ್ಥರು ಗಾಬರಿಯಾಗಬೇಕಾಗಿಲ್ಲ.) ಆದರೆ ಹಿಟ್ಟಿನಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಗಳೂ ಇವೆ. ಅವು ಅದೇ ಆರನ್ನು ಮೂರು-ಮೂರಾಗಿ ಒಡೆದು ಎರಡು ಪಾಲು ಲ್ಯಾಕ್ಟಿಕ್ ಆಮ್ಲವನ್ನೇ ಮಾಡುತ್ತವೆ. ಅನಿಲದ ಬಾಬಿಗೆ ಅಲ್ಲಿ ಸೊನ್ನೆ. ಹಿಟ್ಟಿನಲ್ಲಿ ಹುಳಿ ಏರಿದಂತೆಲ್ಲ ಅದನ್ನು ತಾಳಬಲ್ಲ ಈ ಎರಡನೆಯವರ ಕೈ ಮೇಲಾಗುತ್ತದೆ. ಹುಳಿಯೂ ಉಬ್ಬೂ ಒಂದೇ ಎಂದು ನಾವು ತಿಳಿದಿರುತ್ತೇವೆ. ಅವೆರಡೂ ಬೇರೆ ಬೇರೆ ಬಾಬುಗಳು.

ಅನಿಲ ಹುಟ್ಟಿದರೆ ಸಾಲದು, ನಿಲ್ಲಬೇಕು. ಅದಕ್ಕೆ ಉದ್ದೇ ಆಗಬೇಕು. ಈ ವಿಷಯವನ್ನು 1970ರ ದಶಕದಲ್ಲಿ ಬಿಡಿಸಿ ಹೇಳಿದವರು ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಎಂಬುದು ನಮಗೆ ಸಂತೋಷದ ಸಂಗತಿ. ಉದ್ದಿನಲ್ಲಿರುವ ಗ್ಲೋಬುಲಿನ್ ಎಂಬ ಪ್ರೋಟೀನು ಸೋಪಿನ ನೊರೆಯಂತೆ ಗುಳ್ಳೆ ಕಟ್ಟುತ್ತದೆ. ಅರಾಬಿನೊಗ್ಯಾಲಕ್ಟಾನ್ ಎಂಬ ಲೋಳೆ ಆ ಗುಳ್ಳೆ ಒಡೆಯದಂತೆ ಹಿಡಿದಿಡುತ್ತದೆ. ಬರಿಯ ಅಕ್ಕಿಹಿಟ್ಟಿಗೆ ಹುಳಿ ಬರುತ್ತದೆ, ಅನಿಲವೂ ಬರುತ್ತದೆ, ಆದರೆ ಅದು ಮೇಲೆ ಬಂದು ಹೊರಟುಹೋಗುತ್ತದೆ. ಉದ್ದನ್ನು ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತ ಬೆಣ್ಣೆಯಾಗುವವರೆಗೆ ರುಬ್ಬಬೇಕು, ಅಕ್ಕಿ ಮಾತ್ರ ತರಿಯಾಗಿರಬೇಕು ಎಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ. ರುಬ್ಬಿದ ಉದ್ದಿನ ಒಂದು ಹನಿಯನ್ನು ನೀರಿಗೆ ಹಾಕಿ ನೋಡಿ: ತೇಲಿದರೆ ಗಾಳಿ ಹಿಡಿದಿದೆ, ಮುಳುಗಿದರೆ ಇನ್ನೂ ರುಬ್ಬಬೇಕು. ನಮ್ಮ ತಾಯಿಯವರ ಉದ್ದು ಮೂರು ವಾರವೂ ತೇಲಿತ್ತು.

ಹಾಗಾದರೆ ದೋಷ ಎಲ್ಲಿ? ಒಂದು ಶನಿವಾರ ಪ್ರಯೋಗಕ್ಕೆ ಕುಳಿತೆವು. ಒಂದು ಪಾವು ಉದ್ದಿನಬೇಳೆ, ಎರಡು ಪಾವು ಅಕ್ಕಿತರಿ. ಹಿಟ್ಟನ್ನು ಎರಡು ಸಮಾನ ಸ್ಟೀಲು ಡಬ್ಬಿಗಳಿಗೆ ಹಾಕಿ, ನಾಲ್ಕು ನಾಲ್ಕು ಬೆರಳಿನಷ್ಟು ತುಂಬಿ, ಹೊರಗೆ ಗುರುತು ಮಾಡಿದೆವು. ಒಂದನ್ನು ಅಡಿಗೆಮನೆಯ ಕಟ್ಟೆಯ ಮೇಲೆಯೇ ಬಿಟ್ಟೆವು. ಅಲ್ಲಿನ ಉಷ್ಣಮಾಪಕ 13 ಡಿಗ್ರಿ ತೋರಿಸುತ್ತಿತ್ತು. ಇನ್ನೊಂದನ್ನು ಹಳೆಯ ಕಂಬಳಿ ಹಾಸಿದ ಮರದ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಬಿಸಿನೀರಿನ ಮುಚ್ಚಿದ ಪಾತ್ರೆ ಇರಿಸಿದೆವು. ರಾತ್ರಿ ಹನ್ನೊಂದಕ್ಕೆ ಒಮ್ಮೆ ನೀರು ಬದಲಾಯಿಸಿದೆವು. ಪೆಟ್ಟಿಗೆಯೊಳಗೆ 28 ಡಿಗ್ರಿಯ ಆಸುಪಾಸು ಇತ್ತು.

ಬೆಳಿಗ್ಗೆ ಏಳು ಗಂಟೆಗೆ ಪೆಟ್ಟಿಗೆಯ ಹಿಟ್ಟು ಏಳು ಬೆರಳು ಮುಟ್ಟಿತ್ತು, ಮೇಲೆಲ್ಲ ಸಣ್ಣ ರಂಧ್ರ, ಹಿತವಾದ ಹುಳಿವಾಸನೆ. ಕಟ್ಟೆಯ ಹಿಟ್ಟು ಗುರುತಿನಿಂದ ಅಲುಗಿರಲಿಲ್ಲ. ಅದನ್ನು ಹಾಗೆಯೇ ಸೋಮವಾರದವರೆಗೂ ಬಿಟ್ಟೆವು. ಆಗ ರುಚಿ ನೋಡಿದರೆ ಹುಳಿ ಬಂದಿದೆ, ಆದರೆ ಉಬ್ಬು ಅರ್ಧ ಬೆರಳೂ ಇಲ್ಲ! ಮಿತ್ರರು ನಕ್ಕು ಹೇಳಿದರು: ಚಳಿಯಲ್ಲಿ ಜೀವಿಗಳು ಸಾಯುವುದಿಲ್ಲ, ನಿಧಾನವಾಗುತ್ತವೆ. ತಣ್ಣನೆಯ ನೀರಿನಲ್ಲಿ ಅನಿಲ ಹೆಚ್ಚು ಕರಗುತ್ತದೆ. ಮೆಲ್ಲಮೆಲ್ಲನೆ ಹುಟ್ಟಿದ್ದು ಗುಳ್ಳೆ ಕಟ್ಟುವ ಮೊದಲೇ ಕರಗಿ, ಸೋರಿ ಹೋಗುತ್ತದೆ. ಆಮ್ಲ ಎಲ್ಲಿಗೂ ಹೋಗದು, ದಿನದಿನಕ್ಕೆ ಸೇರುತ್ತಲೇ ಇರುತ್ತದೆ.

ತಾಯಿಯವರು ಪೆಟ್ಟಿಗೆಯ ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿ ಬಹಳ ಹೊತ್ತು ನೋಡಿದರು. "ಕಂಬಳಿ ಹೊದೆಸಬೇಕು ಅಂತ ಮೊದಲೇ ಹೇಳಬಾರದಾಗಿತ್ತೇನೋ?" ಎಂದರು. ಆ ಮೇಲೆ ಪೆಟ್ಟಿಗೆಯ ಯಜಮಾನಿಕೆ ಅವರದೇ.

ಮೇ ತಿಂಗಳಲ್ಲಿ ಇದೇ ಕಥೆ ತಲೆಕೆಳಗು. ಅಡಿಗೆಮನೆ 38 ಡಿಗ್ರಿ ಇರುವಾಗ ಆರು ಗಂಟೆಗೆಲ್ಲ ಹಿಟ್ಟು ಉಕ್ಕುತ್ತದೆ. ರಾತ್ರಿಯೆಲ್ಲ ಬಿಟ್ಟರೆ ಗುಳ್ಳೆ ಕುಸಿದು, ಮೂರು-ಮೂರಿನವರ ಹುಳಿ ಮಾತ್ರ ಉಳಿಯುತ್ತದೆ. ಆಗ ಉಪ್ಪನ್ನು ರುಬ್ಬಿದ ಕೂಡಲೇ ಹಾಕಿ, ಸ್ವಲ್ಪ ತಡೆ ಕೊಡುತ್ತೇವೆ. ಚಳಿಯಲ್ಲಿ ಬೆಳಿಗ್ಗೆ ಹಾಕುತ್ತೇವೆ. ಅಡಿಗೆ ಸೋಡದಿಂದ ಉಬ್ಬಿಸುವವರೂ ಇದ್ದಾರೆ. ಸೋಡ ಹಿಟ್ಟಿನ ಆಮ್ಲದೊಡನೆ ಸೇರಿ ಅನಿಲ ಬಿಡುವುದು ನಿಜ. ಆದರೆ ಅದೇ ಆಮ್ಲವನ್ನು ತಿಂದುಬಿಡುವುದರಿಂದ ಹುಳಿ ಸಪ್ಪಗಾಗುತ್ತದೆ, ಹೆಚ್ಚಾದರೆ ಇಡ್ಲಿ ಹಳದಿಗೆ ತಿರುಗಿ ಸೋಪಿನ ವಾಸನೆ ಬರುತ್ತದೆ. ನಮಗೆ ಅದು ಇಡ್ಲಿಯೇ ಅಲ್ಲ.

ಎರಡನೆಯ ದಿನದ ಹಿಟ್ಟಿಗೆ ನೀರು ಸೇರಿಸಿ ದೋಸೆ ಹುಯ್ದರೆ ಚೆನ್ನಾಗಿಯೇ ಆಗುತ್ತದೆ, ಏಕೆಂದರೆ ದೋಸೆಗೆ ಅಷ್ಟೊಂದು ಉಬ್ಬು ಬೇಡ. ಮೂರನೆಯ ದಿನ ಮಾತ್ರ ಕಾವಲಿ ಎಷ್ಟು ಕಾದರೂ ದೋಸೆ ಬಿಳಿಚಿಕೊಂಡೇ ಇರುತ್ತದೆ. ಕೆಂಪು ಬಣ್ಣ ಬರುವುದು ಹಿಟ್ಟಿನ ಸಕ್ಕರೆಯೂ ಪ್ರೋಟೀನೂ ಕಾವಿನಲ್ಲಿ ಕೂಡಿ. ಸಕ್ಕರೆಯನ್ನು ಬ್ಯಾಕ್ಟೀರಿಯಗಳು ತಿಂದು ಮುಗಿಸಿರುತ್ತವೆ, ಹೆಚ್ಚಿದ ಹುಳಿಯೂ ಆ ಕ್ರಿಯೆಯನ್ನು ತಡೆಯುತ್ತದೆ. ನಮ್ಮ ತಾಯಿಯವರು ಅಂಥ ಹಿಟ್ಟಿಗೆ ಒಂದು ಹಿಡಿ ಹೊಸ ಅಕ್ಕಿಹಿಟ್ಟು, ಒಂದು ಚಮಚ ಸಕ್ಕರೆ ಬೆರೆಸಿ ಹುಯ್ಯುತ್ತಾರೆ.