ನಮ್ಮನೆ ಗೋಡೆ, ಭಾಗ 4: ಆ ಬಿಫೋರ್-ಆಫ್ಟರ್ ಪೋಸ್ಟ್ ಮತ್ತೆ ಬರೀತಿದ್ದೀನಿ

ಜನವರಿಯಲ್ಲಿ ನಾನು ಹಾಕಿದ್ದ ಬಿಫೋರ್-ಆಫ್ಟರ್ ಪೋಸ್ಟ್ ನೆನಪಿದೆಯಾ? "ಒಂದು ವೀಕೆಂಡ್, ₹2,800, ನಮ್ಮ ಹಾಲ್ ಹೊಸದಾಯ್ತು" ಅಂತ. ನನ್ನ ಎಲ್ಲಾ ಪೋಸ್ಟ್‌ಗಳಲ್ಲಿ ಜಾಸ್ತಿ ಲೈಕ್ ಬಂದಿದ್ದು ಅದಕ್ಕೇ. ನಿನ್ನೆ ಅದನ್ನ ತೆಗೆದೆ.

ಕಾರಣ ನಮ್ಮ ಕ್ಲಾಸಿನ ಒಬ್ಬಳು. "ಲೇ, ನಿನ್ನ ಪೋಸ್ಟ್ ತೋರಿಸಿ ಅಮ್ಮನ್ನ ಒಪ್ಪಿಸ್ದೆ ಕಣೇ. ನಾನೂ ತಮ್ಮನೂ ಸೇರಿ ಬಣ್ಣ ಹೊಡೆದ್ವಿ. ಮೂರು ವಾರಕ್ಕೆ ಗುಳ್ಳೆ ಎದ್ದು ಉದುರ್ತಿದೆ" ಅಂದ್ಲು. ಅವರ ಮನೇಲಿ ಆ ದುಡ್ಡು ಸುಮ್ನೆ ಬಂದಿದ್ದಲ್ಲ. ಅವಳು ನನ್ನ ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಮೊದಲು ಫೋಟೋ ವಿಷಯ. ಬಿಫೋರ್ ತೆಗೆದಿದ್ದು ಮಳೆಗಾಲದ ಸಂಜೆ, ಲೈಟ್ ಹಾಕದೆ, ಒದ್ದೆ ಬಟ್ಟೆ ಒಣಹಾಕಿದ್ದಾಗ. ಆಫ್ಟರ್ ಬೆಳಗ್ಗೆ ಹತ್ತಕ್ಕೆ, ಕಿಟಕಿ ತೆಗೆದು, 0.5x ಅಲ್ಲಿ. ಆ ಲೆನ್ಸ್‌ನಲ್ಲಿ ಹತ್ತಡಿ ಹಾಲ್ ಕೂಡ ಕಲ್ಯಾಣ ಮಂಟಪ ಥರ ಕಾಣತ್ತೆ. ಹೊಸ ಪರದೆ, ಪಕ್ಕದ ಮನೆಯಿಂದ ತಂದ ಗಿಡ, ಮೇಲೆ ಒಂದು ಫಿಲ್ಟರ್. ಅರ್ಧ ಬದಲಾವಣೆ ಗೋಡೇದಲ್ಲ, ಬೆಳಕಿಂದು.

ಹಳೇ ಗೋಡೆ ಈಗ ಇಲ್ಲ, ಬಿಫೋರ್ ಮತ್ತೆ ತೆಗೆಯೋಕೆ ಆಗಲ್ಲ. ಆದ್ರೆ ಅಪ್ಪ ಮೇಸ್ತ್ರಿಗೆ ವಾಟ್ಸಾಪ್ ಮಾಡಿದ್ದ ಫೋಟೋ ಸಿಕ್ತು. ಮಧ್ಯಾಹ್ನ, ಬಾಗಿಲ ಹತ್ರ ನಿಂತು, ಯಾವ ಅಲಂಕಾರನೂ ಇಲ್ಲದೆ ತೆಗೆದಿದ್ದು. ನಾನೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತು, 1x ಅಲ್ಲಿ ಈಗಿನ ಗೋಡೆ ತೆಗೆದೆ. ಗಿಡ ವಾಪಸ್ ಕೊಟ್ಟಾಗಿತ್ತು. ಸ್ವಿಚ್ ಬೋರ್ಡ್ ಪಕ್ಕ ಅಂಗೈ ಅಗಲ ಬಣ್ಣ ಸ್ವಲ್ಪ ಬೇರೆ ಕಾಣತ್ತೆ. ಮೊದಲು ಅದನ್ನ ಕ್ರಾಪ್ ಮಾಡಿದ್ದೆ, ಈ ಸಲ ಬಿಟ್ಟಿದ್ದೀನಿ.

ಎರಡನೇ ಸ್ಲೈಡ್ ನೋಡಿ. ಇದು ಹಳೇ ಪೋಸ್ಟ್‌ನಲ್ಲಿ ಇರಲೇ ಇಲ್ಲ: ಗಾರೆ ಕಿತ್ತು ಇಟ್ಟಿಗೆ ಕಾಣೋ ಗೋಡೆ. ನಿಜವಾದ ಕೆಲಸ ನಡೆದಿದ್ದು ಇಲ್ಲಿ. ನಾವು ಬಣ್ಣ ಹಳೇದಾಗಿದೆ ಅಂದ್ಕೊಂಡಿದ್ವಿ. ಮೇಸ್ತ್ರಿ ಬಂದವರು ಗೋಡೆ ಬಿಟ್ಟು ನೇರ ತಾರಸಿಗೆ ಹೋದ್ರು. ತಾರಸಿ ಮತ್ತು ಪ್ಯಾರಾಪೆಟ್ ಗೋಡೆ ಸೇರೋ ಕಡೆ ಬಿರುಕು, ಅಲ್ಲಿಂದ ಮಳೆನೀರು ಗೋಡೆಯೊಳಗೆ ಇಳೀತಿತ್ತು. ಆ ಬಿರುಕನ್ನ ಕೆತ್ತಿ, ತುಂಬಿ, ಮೇಲೆ ಎರಡು ಕೋಟ್ ವಾಟರ್‌ಪ್ರೂಫಿಂಗ್ ಹೊಡೆದ್ರು. ಆಮೇಲೆ ಒಳಗಡೆ ಟೊಳ್ಳು ಸದ್ದು ಬರೋ ಗಾರೆಯನ್ನೆಲ್ಲ ಕಿತ್ತು ಹೊಸದಾಗಿ ಮೆತ್ತಿದ್ರು.

ಹೊಸ ಗಾರೆಗೆ ಏಳು ದಿನ ಬೆಳಗ್ಗೆ ಸಂಜೆ ನೀರು ಹೊಡೆದಿದ್ದು ಅಮ್ಮ, ಕೆಲಸಕ್ಕೆ ಹೋಗೋ ಮುಂಚೆ, ಬಂದ ಮೇಲೆ. ಆಮೇಲೆ ನಾಲ್ಕು ವಾರ ಸುಮ್ನೆ ಒಣಗೋಕೆ ಬಿಟ್ವಿ. ಪುಟ್ಟಿ, ಪ್ರೈಮರ್, ಮೊದಲ ಕೋಟ್ ಅಪ್ಪಂದು. ನಾನು ಹೊಡೆದಿದ್ದು ಕೊನೇ ಕೋಟ್ ಮಾತ್ರ. ಪೋಸ್ಟ್‌ನಲ್ಲಿ ಬರೆದಿದ್ದು "ನಾನೇ ಮಾಡಿದ್ದು" ಅಂತ.

ಲೆಕ್ಕ ಹೀಗಿದೆ. ಬಣ್ಣ, ಪುಟ್ಟಿ, ಪ್ರೈಮರ್ ₹2,800. ಮೇಸ್ತ್ರಿ ಮತ್ತು ಹೆಲ್ಪರ್ ಎರಡು ದಿನದ ಕೂಲಿ ₹3,200. ಸಿಮೆಂಟ್, ಮರಳು ₹900. ವಾಟರ್‌ಪ್ರೂಫಿಂಗ್ ₹2,400. ಒಟ್ಟು ₹9,300. ಬಿಕಾಂ ಓದ್ತಾ ಬಿಲ್‌ನ ಕೊನೇ ಸಾಲನ್ನಷ್ಟೇ ಖರ್ಚು ಅಂತ ತೋರಿಸಿದ್ದೆ! ಅಪ್ಪ ಅಮ್ಮನ ದುಡಿಮೆಗೆ ಇದರಲ್ಲಿ ಒಂದು ರೂಪಾಯಿನೂ ಹಾಕಿಲ್ಲ, ಅದನ್ನೂ ಹೇಳ್ಬೇಕು.

ಗೆಳತಿ ಮನೆ ಗೋಡೆ ಆಚೆ ಬಚ್ಚಲು ಮನೆ ಇದೆ. ಅಲ್ಲಿ ತಾರಸಿ ರಿಪೇರಿ ಮಾಡಿದ್ರೂ ಉಪಯೋಗ ಇಲ್ಲ, ಪೈಪೋ ಟೈಲ್ಸ್ ಸಂದಿಯೋ ನೋಡ್ಬೇಕು. ಬಣ್ಣ ತರೋ ಮುಂಚೆ ಒಂದು ಪರೀಕ್ಷೆ ಮಾಡಿ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನ ಗೋಡೆಗೆ ಇಟ್ಟು, ನಾಲ್ಕೂ ಕಡೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಲಿ, ಅಂದ್ರೆ ಗೋಡೆ ಕಡೆ ನೀರಿನ ಹನಿ ಕಂಡ್ರೆ ಗೋಡೆ ಇನ್ನೂ ಹಸಿ. ಬಣ್ಣ ಮುಟ್ಬೇಡಿ.

ಹೊಸ ಕ್ಯಾಪ್ಶನ್ ಇಷ್ಟು: "ಒಂದು ಗೋಡೆ. ಆರು ವಾರ, ₹9,300. ನೀರು ಎಲ್ಲಿಂದ ಬರ್ತಿದೆ ಅಂತ ಹಿಡಿದವರು ಮೇಸ್ತ್ರಿ, ನೀರು ಹೊಡೆದಿದ್ದು ಅಮ್ಮ, ಬಣ್ಣ ಅಪ್ಪ, ಕೊನೇ ಕೋಟ್ ನಾನು. ಈ ಗೋಡೆ ಇನ್ನೂ ಒಂದು ಮಳೆಗಾಲ ನೋಡಿಲ್ಲ."

ಸೆಪ್ಟೆಂಬರ್‌ನಲ್ಲಿ ಅದೇ ಬಾಗಿಲ ಹತ್ರ ನಿಂತು ಮೂರನೇ ಫೋಟೋ ತೆಗೀತೀನಿ. ಕಲೆ ಬಂದಿದ್ರೂ ಹಾಕ್ತೀನಿ. ಭಾನುವಾರ ಪ್ಲಾಸ್ಟಿಕ್ ಹಾಳೆ, ಟೇಪ್ ತಗೊಂಡು ಗೆಳತಿ ಮನೆಗೆ ಹೋಗ್ತಿದ್ದೀನಿ.

#ನಮ್ಮನೆಗೋಡೆ #ಭಾಗ4