ಬಕ್ರೀದಿನ ಶುಭಾಶಯ

ಅಹಿಂಸಾವ್ರತವನ್ನು ಪಾಲಿಸುವ ಶ್ರಾವಕನಿಗೆ ರಮಜಾನ್ ಹಬ್ಬದಂದು ಮುಸಲ್ಮಾನ ಗೆಳೆಯನಿಗೆ ಶುಭ ಕೋರುವುದು ಸುಲಭ. ಬಕ್ರೀದ್ ಬಂದಾಗ ಮಾತ್ರ ನಾಲಗೆ ತಡೆಯುತ್ತದೆ. ಕುರ್ಬಾನಿ ಅವನಿಗೆ ಸಮ್ಮತವಲ್ಲ, ಗೆಳೆಯನಾದರೋ ಅನ್ಯನಲ್ಲ.

ನಿವೃತ್ತ ಜೈನ ಅಧ್ಯಾಪಕರೊಬ್ಬರು ಈ ಇಕ್ಕಟ್ಟನ್ನು ಸರಳವಾಗಿ ದಾಟುತ್ತಿದ್ದರು. ಕುರ್ಬಾನಿ ನಡೆಯುವುದು ಹಬ್ಬದ ನಮಾಜಿನ ಅನಂತರ. ಈದ್ಗಾದಿಂದ ಹಿಂದಿರುಗುವ ಗೆಳೆಯರನ್ನು ಅವರು ದಾರಿಯಲ್ಲೇ ಕಂಡು, "ಈದ್ ಮುಬಾರಕ್ ಸಾಹೇಬರೇ, ಮನೆಯಲ್ಲಿ ಎಲ್ಲರೂ ಕ್ಷೇಮವೇ?" ಎನ್ನುತ್ತಿದ್ದರು. ಹಬ್ಬವು ಮಂಗಳಕರವಾಗಲಿ ಎಂಬುದಷ್ಟೇ ಆ ನುಡಿಯ ಅರ್ಥ. ಆಚರಣೆಯನ್ನು ಒಪ್ಪಿದೆನೆಂಬ ಮಾತು ಅದರಲ್ಲಿಲ್ಲ. ಎಲ್ಲ ಧರ್ಮಗಳೂ ಒಂದೇ ಎಂಬ ಉಪನ್ಯಾಸವನ್ನಾಗಲಿ, ಜೀವದಯೆಯ ಬೋಧೆಯನ್ನಾಗಲಿ ಅವರು ಅದಕ್ಕೆ ಸೇರಿಸುತ್ತಿರಲಿಲ್ಲ. ಬಾಲ ಬೆಳೆದ ಶುಭಾಶಯವು ವಾದವಾಗುತ್ತದೆ; ಕೇಳುವವನು ಹಬ್ಬದ ದಿನವೇ ಉತ್ತರ ಕೊಡಬೇಕಾದ ಪ್ರತಿವಾದಿಯಾಗುತ್ತಾನೆ.

"ಖೈರ್ ಮುಬಾರಕ್, ಮೇಷ್ಟ್ರೇ" ಎಂದು ಸಾಹೇಬರು ನಗುತ್ತಿದ್ದರು. ಕುರ್ಬಾನಿಯ ಮಾಂಸವನ್ನು ಮೂರು ಪಾಲು ಮಾಡಿ, ಒಂದನ್ನು ಬಡವರಿಗೆ, ಒಂದನ್ನು ಬಂಧುಮಿತ್ರರಿಗೆ ಕೊಡುವುದು ವಾಡಿಕೆ. ಈ ಮಿತ್ರರ ಮನೆಗೆ ಮಾತ್ರ ಅಂಗಡಿಯಿಂದ ತಂದ ಖರ್ಜೂರದ ಪೊಟ್ಟಣ ಬರುತ್ತಿತ್ತು.

ದಶಲಕ್ಷಣ ಪರ್ವದ ಕೊನೆಯ ದಿನವಾದ ಅನಂತ ಚತುರ್ದಶಿಯಂದು ಮೇಷ್ಟ್ರು ಉಪವಾಸವಿರುತ್ತಿದ್ದರು. ಅಂದು ಸಾಹೇಬರು "ಹಬ್ಬದೂಟ ಆಯಿತೇ?" ಎಂದು ಕೇಳುತ್ತಿರಲಿಲ್ಲ, "ಉಪವಾಸ ಸುಖವಾಗಿ ಸಾಗಿದೆಯೇ?" ಎಂದು ವಿಚಾರಿಸುತ್ತಿದ್ದರು.

ಭಿನ್ನಾಭಿಪ್ರಾಯ ಕೊನೆಯವರೆಗೂ ಹಾಗೆಯೇ ಉಳಿಯಿತು. ಅದು ಇಬ್ಬರಿಗೂ ತಿಳಿದಿತ್ತು. ಆದ್ದರಿಂದಲೇ ಶುಭಾಶಯದಲ್ಲಿ ಅದನ್ನು ಹೇಳಬೇಕಾಗಿರಲಿಲ್ಲ.